ಬಿಸಿಲಿನ ಒರಟು ಮಚ್ಚೆ: ಯಾರಿಗೆ, ಯಾವಾಗ ಅಪಾಯ?

ಚಿನಕುರಳಿ ಹೋಬಳಿಯ ಗದ್ದೆಬಯಲಿನಲ್ಲಿ ದುಡಿಯುವವರಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾಲೆಗೆ ನೀರು ಬಿಟ್ಟ ಮೇಲೆ ನಾಟಿ, ನಾಟಿಯಾದ ಮೇಲೆ ಕಳೆ, ಅದು ಮುಗಿಯುವಷ್ಟರಲ್ಲಿ ಕಬ್ಬಿನ ಕಟಾವು. ಹೀಗೆ ವರ್ಷದ ಬಹುಪಾಲು ದಿನ ಇಲ್ಲಿನ ಜನ ಬಯಲಲ್ಲೇ ಇರುತ್ತಾರೆ. ಈ ಪ್ರದೇಶ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಹನ್ನೆರಡೂವರೆ ಡಿಗ್ರಿಯಷ್ಟು ದೂರದಲ್ಲಿದೆ. ಹಾಗಾಗಿ ಏಪ್ರಿಲ್ 23ರ ಆಸುಪಾಸು ಒಮ್ಮೆ, ಆಗಸ್ಟ್ 20ರ ಆಸುಪಾಸು ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲೇ ಬರುತ್ತಾನೆ. ಆಗಸ್ಟ್‌ನಲ್ಲಿ ಮೋಡ ಇರುತ್ತದಲ್ಲ ಎನ್ನಬಹುದು. ತೆಳುಮೋಡವನ್ನು ದಾಟಿ ನೇರಳಾತೀತ ಕಿರಣಗಳ ದೊಡ್ಡ ಪಾಲು ಕೆಳಗೆ ಇಳಿದೇ ಇಳಿಯುತ್ತದೆ. ಸೆಕೆ ಕಡಿಮೆಯಾದದ್ದು ಗೊತ್ತಾಗುತ್ತದೆ, ಕಿರಣ ಕಡಿಮೆಯಾಗದಿರುವುದು ಗೊತ್ತಾಗುವುದಿಲ್ಲ.

ಇಷ್ಟು ಬಿಸಿಲು ಬಿದ್ದರೂ ಆಕ್ಟಿನಿಕ್ ಕೆರಟೋಸಿಸ್ ಎಂಬ ಚರ್ಮದ ತೊಂದರೆ ನಮ್ಮ ರೈತರಲ್ಲಿ ಬಲು ಅಪರೂಪ. ಇದು ವರ್ಷಗಟ್ಟಲೆ ಬಿಸಿಲು ತಿಂದ ಚರ್ಮದ ಮೇಲೆ ಏಳುವ ಒರಟಾದ, ಹೊಟ್ಟು ಕಟ್ಟಿದ ಮಚ್ಚೆ. ಆಸ್ಟ್ರೇಲಿಯಾದ ಬಿಳಿಯ ರೈತರಲ್ಲಿ ನಲವತ್ತು ದಾಟಿದವರ ಮುಖ, ಹಿಂಗೈಗಳಲ್ಲಿ ಇದು ಸರ್ವೇಸಾಮಾನ್ಯ. ನಮ್ಮಲ್ಲಿ ಅಪರೂಪವಾಗಿರಲು ಮೈಬಣ್ಣವೇ ಕಾರಣ. ಮೆಲನಿನ್ ಎಂಬ ಕಂದು ವರ್ಣದ್ರವ್ಯ ಚರ್ಮದ ಜೀವಕೋಶಗಳಲ್ಲಿ ಕೋಶಕೇಂದ್ರದ ಮೇಲ್ಭಾಗದಲ್ಲೇ ಗುಂಪುಗೂಡಿ, ಒಳಗಿನ ಡಿಎನ್ಎಗೆ ತಗುಲುವ ಮೊದಲೇ ಕಿರಣಗಳನ್ನು ಹೀರಿಕೊಳ್ಳುತ್ತದೆ. ಐವತ್ತು ದಾಟಿದ ನಮ್ಮ ರೈತರ ಮುಖದ ಮೇಲೆ ಕಾಣುವ ಕಪ್ಪು ಉಬ್ಬುಗಳು, ಕೆನ್ನೆಯ ಬಂಗು, ಕತ್ತಿನ ಸುತ್ತ ಇಳಿಬೀಳುವ ಸಣ್ಣ ಮರುಳಿಗಳು ಯಾವುವೂ ಈ ಕಾಯಿಲೆಯಲ್ಲ, ಅವು ಕ್ಯಾನ್ಸರಿಗೆ ತಿರುಗುವಂಥವೂ ಅಲ್ಲ.

ಆದರೆ ಈ ರಕ್ಷಣೆ ಹುಟ್ಟಿನಿಂದಲೇ ಇಲ್ಲದ ಕೆಲವರು ನಮ್ಮ ಊರುಗಳಲ್ಲೇ ಇದ್ದಾರೆ. ಹಾಲಿನಂಥ ಮೈ, ಒಣಹುಲ್ಲಿನ ಬಣ್ಣದ ಕೂದಲು, ಬೆಳಕಿಗೆ ಕಿರಿದಾಗುವ, ಒಂದೆಡೆ ನಿಲ್ಲದೆ ಅದುರುವ ಕಣ್ಣು ಇರುವವರು. ವೈದ್ಯರು ಇದಕ್ಕೆ ಆಲ್ಬಿನಿಸಂ ಎನ್ನುತ್ತಾರೆ. ಊರಿನವರು ಅವರ ಹೆಸರನ್ನೇ ಮರೆತು ‘ಬಿಳಿಯ’, ‘ಬಿಳಿಯಮ್ಮ’ ಎಂದು ಕೂಗಿಬಿಡುತ್ತಾರೆ. ಈ ಅಂಕಣ ಮುಖ್ಯವಾಗಿ ಅವರಿಗಾಗಿ, ಅವರ ಮನೆಯವರಿಗಾಗಿ. ಬಿಸಿಲಿನ ಮಚ್ಚೆ ಇವರಲ್ಲಿ ಮುಪ್ಪಿನವರೆಗೆ ಕಾಯುವುದಿಲ್ಲ. ಬಯಲಲ್ಲಿ ದುಡಿಯುವವರಿಗೆ ಇಪ್ಪತ್ತರ ಹರೆಯದಲ್ಲೇ, ಕೆಲವೊಮ್ಮೆ ಅದಕ್ಕೂ ಮೊದಲೇ ಕಾಣಿಸಿಕೊಳ್ಳುತ್ತದೆ.

ಆಲ್ಬಿನಿಸಂ ಬರುವುದು ಮೆಲನಿನ್ ತಯಾರಿಸುವ ಜೀನ್ ಕೆಟ್ಟಿರುವುದರಿಂದ. ಕೆಟ್ಟ ಪ್ರತಿ ತಂದೆಯಲ್ಲೂ ಒಂದು, ತಾಯಿಯಲ್ಲೂ ಒಂದು ಇದ್ದು, ಮಗುವಿಗೆ ಎರಡೂ ಬಂದಾಗ ಮಾತ್ರ ಹೀಗಾಗುತ್ತದೆ. ತಂದೆ ತಾಯಿ ಇಬ್ಬರ ಬಣ್ಣವೂ ಮಾಮೂಲಿಯಾಗಿರುವುದರಿಂದ ಮನೆಯವರಿಗೆ ದಿಗಿಲು. ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಈ ಸಾಧ್ಯತೆ ಇರುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಒಂದೇ ಕುಟುಂಬದಲ್ಲಿ ಹರಿದುಬಂದ ಕೆಟ್ಟ ಜೀನು ಎರಡು ಕಡೆಯಿಂದಲೂ ಮಗುವಿಗೆ ಸಿಗುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು. ಹಿಂದಿನ ಜನ್ಮದ ಪಾಪಕ್ಕೂ ಇದಕ್ಕೂ ಸಂಬಂಧವಿಲ್ಲ, ತಾಯಿ ಬಸುರಿನಲ್ಲಿ ತಿಂದದ್ದಕ್ಕೂ ಸಂಬಂಧವಿಲ್ಲ. ಇದು ಅಂಟುವುದೂ ಇಲ್ಲ. ತೊನ್ನಿಗೂ ಇದಕ್ಕೂ ಗಂಟು ಹಾಕಬಾರದು. ತೊನ್ನು ಆಮೇಲೆ ಬರುವ ಬಿಳಿ ಕಲೆ, ಅದರಲ್ಲಿ ಚರ್ಮದ ಕ್ಯಾನ್ಸರಿನ ಅಪಾಯ ಇಷ್ಟಿಲ್ಲ.

ಬಿಸಿಲು ಮಚ್ಚೆಯನ್ನು ಹೇಗೆ ಮಾಡುತ್ತದೆ ಎಂಬುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಚರ್ಮದ ಹೊರಪದರದ ಕೋಶಗಳು ತಳದಲ್ಲಿ ಹುಟ್ಟಿ, ಮೇಲಕ್ಕೆ ಸರಿಯುತ್ತ ಸತ್ತು, ಕಣ್ಣಿಗೆ ಕಾಣದಂತೆ ಉದುರಿಹೋಗುತ್ತವೆ. ಪ್ರತಿ ಕೋಶದಲ್ಲೂ ಪಿ53 ಎಂಬ ಒಂದು ಜೀನ್ ಇರುತ್ತದೆ. ಡಿಎನ್ಎ ಕೆಟ್ಟರೆ ರಿಪೇರಿ ಮಾಡಿಸು, ರಿಪೇರಿ ಆಗದಿದ್ದರೆ ಸಾಯಿಸು ಎಂದು ಕೋಶಕ್ಕೆ ಆಜ್ಞೆ ಕೊಡುವುದು ಅದರ ಕೆಲಸ. ನೇರಳಾತೀತ ಕಿರಣ ಆ ಪಿ53ಯನ್ನೇ ಕೆಡಿಸಿದಾಗ ಕೆಟ್ಟ ಕೋಶ ಸಾಯುವುದನ್ನು ಬಿಟ್ಟು ತನ್ನಂಥವನ್ನೇ ಹುಟ್ಟಿಸುತ್ತ ಹೋಗುತ್ತದೆ. ಅವು ಸರಿಯಾಗಿ ಬಲಿಯುವುದಿಲ್ಲ, ಸರಿಯಾಗಿ ಉದುರುವುದೂ ಇಲ್ಲ. ಒಣಹೊಟ್ಟು ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಆ ಒರಟೇ ನಮ್ಮ ಕೈಗೆ ಸಿಗುವುದು. ಕೆಟ್ಟ ಕೋಶಗಳು ಹೊರಪದರದ ತಳದಲ್ಲಿರುವ ತೆಳುಪೊರೆಯ ಮೇಲ್ಗಡೆಯೇ ಇರುವವರೆಗೆ ಅದು ಆಕ್ಟಿನಿಕ್ ಕೆರಟೋಸಿಸ್. ಹೊರಪದರವನ್ನು ಪೂರ್ತಿ ತುಂಬಿಕೊಂಡರೂ ಪೊರೆ ದಾಟದಿದ್ದರೆ ಅದು ತೀರಾ ಆರಂಭದ ಕ್ಯಾನ್ಸರ್. ಪೊರೆಯನ್ನು ಒಡೆದು ರಕ್ತನಾಳ, ದುಗ್ಧನಾಳಗಳಿರುವ ಒಳಪದರಕ್ಕೆ ಇಳಿದರೆ ಅದು ಹರಡಬಲ್ಲ ಸ್ಕ್ವಾಮಸ್ ಸೆಲ್ ಕ್ಯಾನ್ಸರ್.

ಈ ಮಚ್ಚೆಯನ್ನು ಕಣ್ಣಿಗಿಂತ ಬೆರಳು ಬೇಗ ಪತ್ತೆಹಚ್ಚುತ್ತದೆ. ಶುರುವಿನಲ್ಲಿ ಅದು ಸಾಸಿವೆ ಕಾಳಿನಷ್ಟೋ, ಹೆಸರುಕಾಳಿನಷ್ಟೋ ಇರುತ್ತದೆ. ಬಣ್ಣ ತಿಳಿಗೆಂಪು ಅಥವಾ ಮೈಯದೇ ಬಣ್ಣ. ಬಿಸಿಲಿಗೆ ಮೊದಲೇ ಕೆಂಪಾಗಿರುವ ಮುಖದಲ್ಲಿ ಅದು ಎದ್ದು ಕಾಣುವುದಿಲ್ಲ. ಬೆರಳ ತುದಿಯನ್ನು ಹಗುರವಾಗಿ ಸವರಿದಾಗ ಮಾತ್ರ ಎಮರಿ ಪೇಪರ್ ಮುಟ್ಟಿದ ಹಾಗೆ ಚುರುಕ್ಕನೆ ತಡೆಯುತ್ತದೆ. ಹೊಟ್ಟನ್ನು ಕಿತ್ತರೆ ಅಡಿಯಲ್ಲಿ ಉರಿಯುವ ಕೆಂಪು, ಒಂದೆರಡು ವಾರದಲ್ಲಿ ಮತ್ತೆ ಅದೇ ಹೊಟ್ಟು. ಹೀಗೆ ಬಿಟ್ಟೂ ಬಿಡದೆ ಅದೇ ಜಾಗದಲ್ಲಿ ಮರಳುವುದೇ ಇದರ ಗುರುತು. ನೋಡಬೇಕಾದ ಜಾಗಗಳು ಹಣೆ, ಮೂಗಿನ ದಿಣ್ಣೆ, ಕೆನ್ನೆಯ ಮೇಲುಭಾಗ, ಕಿವಿಯ ಅಂಚು, ಕತ್ತಿನ ಹಿಂಭಾಗ, ಹಿಂಗೈ, ಮೊಣಕೈ ಕೆಳಗಿನ ಹೊರಮೈ. ಬೋಳುತಲೆಯವರಾದರೆ ನೆತ್ತಿ. ಕೆಳತುಟಿಯನ್ನು ಜನ ಮರೆಯುತ್ತಾರೆ. ತುಟಿಯ ಕೆಂಪು ಭಾಗ ಸದಾ ಒಣಗಿ, ಹೊಟ್ಟೆದ್ದು, ಚರ್ಮಕ್ಕೂ ತುಟಿಗೂ ನಡುವಿನ ಗೆರೆಯೇ ಮಾಸಿದ್ದರೆ ಅದೂ ಇದೇ ಕಾಯಿಲೆ, ಇನ್ನೂ ಹೆಚ್ಚು ಜಾಗ್ರತೆ ಬೇಡುವ ರೂಪ.

ಎಲ್ಲ ಮಚ್ಚೆಯೂ ಕ್ಯಾನ್ಸರ್ ಆಗುತ್ತದೆಯೇ? ಇಲ್ಲ. ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟದ್ದು ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ. ಮುಖ, ಕಿವಿಗಳ ಮೇಲಿನ ಒಂದೊಂದು ಮಚ್ಚೆಯನ್ನೂ ಗುರುತು ಹಾಕಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿದರು. ಒಂದು ವರ್ಷದಲ್ಲಿ ಸಾವಿರಕ್ಕೆ ಆರು, ನಾಲ್ಕು ವರ್ಷದಲ್ಲಿ ಸಾವಿರಕ್ಕೆ ಇಪ್ಪತ್ತಾರರಷ್ಟು ಮಚ್ಚೆಗಳು ಸ್ಕ್ವಾಮಸ್ ಕ್ಯಾನ್ಸರಿಗೆ ತಿರುಗಿದ್ದವು. ಅರ್ಧಕ್ಕಿಂತ ಹೆಚ್ಚು ಮಚ್ಚೆಗಳು ವರ್ಷದೊಳಗೆ ತಾವಾಗಿಯೇ ಮಾಯವಾಗಿದ್ದವು, ಅವುಗಳಲ್ಲಿ ಕೆಲವು ಆಮೇಲೆ ಮರಳಿದವು. ಹಾಗೆಂದು ಹಾಯಾಗಿ ಕೂರುವಂತಿಲ್ಲ. ಒಂದು ಮಚ್ಚೆಯ ಅಪಾಯ ಸಣ್ಣದು ನಿಜ. ಆದರೆ ಮುಖ, ಕೈ ಸೇರಿ ಮೂವತ್ತು ನಲವತ್ತು ಮಚ್ಚೆ ಇರುವವರಿಗೆ, ಅವು ಹತ್ತಾರು ವರ್ಷ ಇರುವಂಥವರಿಗೆ, ಆ ಸಣ್ಣ ಅಪಾಯಗಳೆಲ್ಲ ಕೂಡಿ ದೊಡ್ಡದಾಗುತ್ತವೆ. ಅದೇ ಅಧ್ಯಯನದಲ್ಲಿ ಕಂಡ ಸ್ಕ್ವಾಮಸ್ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಮೊದಲೇ ಗುರುತು ಹಾಕಿದ್ದ ಮಚ್ಚೆಗಳಿಂದಲೇ. ಇನ್ನೂ ಒಂದು ಮಾತು: ಈ ಲೆಕ್ಕ ಬಂದದ್ದು ವಯಸ್ಸಾದ ಬಿಳಿಯ ಗಂಡಸರಿಂದ. ಮೆಲನಿನ್ನೇ ಇಲ್ಲದ ಮೈಯಲ್ಲಿ, ಚಿನಕುರಳಿಯ ಬಿಸಿಲಲ್ಲಿ, ಅದಕ್ಕಿಂತ ಕಡಿಮೆ ಎಂದು ಭಾವಿಸಲು ಯಾವ ಕಾರಣವೂ ಇಲ್ಲ.

ಆಸ್ಪತ್ರೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ತಿಳಿಯಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಆಲ್ಬಿನಿಸಂ ಇರುವ ಮೂವತ್ತನಾಲ್ಕರ ಹೆಣ್ಣುಮಗಳು. ಹದಿಮೂರರಿಂದ ಕಳೆ ಕೀಳಲು, ನಾಟಿ ಹಾಕಲು ಹೋಗುತ್ತಿದ್ದಾಳೆ. ತಲೆಯ ಮೇಲೆ ಸೆರಗು, ತೋಳಿಗೆ ಅರ್ಧ ರವಿಕೆ. ಕೆನ್ನೆ, ಮೂಗು, ಹಿಂಗೈ ಮೇಲೆ ವರ್ಷಗಳಿಂದ ಒರಟು ಹೊಟ್ಟು. ‘ಬಿಸ್ಲಿಗೆ ಸುಟ್ಟೈತೆ ಕನವ್ವ, ಕೊಬ್ರಿ ಎಣ್ಣೆ ಹಚ್ಚು’ ಎಂದು ಅತ್ತೆ ಹೇಳಿದ್ದನ್ನು ಮಾಡುತ್ತ ಬಂದಿದ್ದಾಳೆ. ಈಗ ಎಡಗಿವಿಯ ಅಂಚಿನಲ್ಲಿರುವ ಒಂದು ಮಾತ್ರ ಮೂರು ತಿಂಗಳಿಂದ ದಪ್ಪವಾಗಿದೆ. ದಿಂಬಿಗೆ ಒತ್ತಿದರೆ ನೋಯುತ್ತದೆ, ಎರಡು ಸಲ ರಕ್ತ ಒಸರಿದೆ.

ಮಂಡ್ಯದ ಮಿಮ್ಸ್‌ನಲ್ಲೋ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಯಲ್ಲೋ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಚರ್ಮರೋಗ ವಿಭಾಗಕ್ಕೆ ಹೋದರೆ ವೈದ್ಯರು ಮೊದಲು ಮಾಡುವುದು ಬೆರಳಿಂದ ಸವರುವ ಕೆಲಸವನ್ನೇ. ಆಮೇಲೆ ಕಿವಿಯ ಮಚ್ಚೆಯನ್ನು ಎರಡು ಬೆರಳ ನಡುವೆ ಹಿಡಿದು ನೋಡುತ್ತಾರೆ. ಬರಿ ಆಕ್ಟಿನಿಕ್ ಕೆರಟೋಸಿಸ್ ಆದರೆ ಮೇಲೆ ಒರಟು, ಅಡಿಯಲ್ಲಿ ಮಿದು. ಅಡಿಯಲ್ಲಿ ಕಾಳಿನಂಥ ಗಟ್ಟಿ ಸಿಕ್ಕಿದರೆ ಅನುಮಾನ. ನಮ್ಮ ಹೆಣ್ಣುಮಗಳ ಕಿವಿಯಲ್ಲಿ ಗಟ್ಟಿ ಇದೆ, ನೋವಿದೆ, ರಕ್ತ ಬಂದಿದೆ, ಬೇಗ ಬೆಳೆದಿದೆ. ನಾಲ್ಕು ಲಕ್ಷಣ ಒಂದೇ ಕಡೆ. ಅದಕ್ಕೆ ಮುಲಾಮು ಕೊಟ್ಟು ಕಳಿಸುವಂತಿಲ್ಲ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮೂರು ನಾಲ್ಕು ಮಿಲಿಮೀಟರ್ ತುಣುಕನ್ನು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ತುಣುಕು ಆಳಕ್ಕೆ ಹೋಗಿರಬೇಕು. ಮೇಲಿನ ಹೊಟ್ಟನ್ನು ಮಾತ್ರ ಕೆರೆದು ಕಳಿಸಿದರೆ ತಳದ ಪೊರೆ ಒಡೆದಿದೆಯೋ ಇಲ್ಲವೋ ಎಂಬ ಮುಖ್ಯ ಪ್ರಶ್ನೆಗೇ ಉತ್ತರ ಸಿಗುವುದಿಲ್ಲ. ಕಿವಿಯ ಮುಂದೆ, ದವಡೆಯ ಕೆಳಗೆ, ಕತ್ತಿನಲ್ಲಿ ಗಂಟು ಇದೆಯೇ ಎಂದೂ ಮುಟ್ಟಿ ನೋಡುತ್ತಾರೆ. ಕಿವಿಯ ಕ್ಯಾನ್ಸರ್ ಹರಡಿದರೆ ಮೊದಲು ಸೇರುವುದು ಅಲ್ಲಿಗೇ.

ಬಯಾಪ್ಸಿಯಲ್ಲಿ ಸಣ್ಣ ಸ್ಕ್ವಾಮಸ್ ಕ್ಯಾನ್ಸರ್ ಎಂದು ಬಂತು ಎಂದುಕೊಳ್ಳಿ. ಕತ್ತಿನಲ್ಲಿ ಗಂಟಿಲ್ಲ. ಆಗ ಸುತ್ತ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸಿ ತೆಗೆಯುತ್ತಾರೆ. ಸಾಧಾರಣ ಸಣ್ಣ ಗೆಡ್ಡೆಗೆ ನಾಲ್ಕರಿಂದ ಆರು ಮಿಲಿಮೀಟರ್ ಅಂಚು ಬಿಡುವುದು ವಾಡಿಕೆ, ಕಿವಿ, ತುಟಿಗಳ ಮೇಲಿನದಕ್ಕೆ ಇನ್ನಷ್ಟು ಬೇಕಾಗಬಹುದು. ತೆಗೆದ ತುಣುಕಿನ ಅಂಚುಗಳಲ್ಲಿ ಕ್ಯಾನ್ಸರ್ ಕೋಶ ಉಳಿದಿಲ್ಲ ಎಂಬ ವರದಿ ಬರುವವರೆಗೆ ಕೆಲಸ ಮುಗಿದಂತಲ್ಲ, ಆ ವರದಿಯನ್ನು ಕೇಳಿ ಪಡೆಯಬೇಕು. ಇಷ್ಟು ಬೇಗ ಬಂದವರಲ್ಲಿ ಬಹುತೇಕರು ಪೂರ್ತಿ ವಾಸಿಯಾಗುತ್ತಾರೆ. ಇದೇ ಕಿವಿಗೆ ಸೊಪ್ಪು ಅರೆದು ಕಟ್ಟುತ್ತ ಎರಡು ವರ್ಷ ಕಳೆದಿದ್ದರೆ ಕಿವಿಯ ಮೃದ್ವಸ್ಥಿ, ಲಾಲಾಗ್ರಂಥಿ, ಕತ್ತಿನ ಗಂಟುಗಳವರೆಗೆ ಹೋಗಿ, ದೊಡ್ಡ ಶಸ್ತ್ರಚಿಕಿತ್ಸೆ, ರೇಡಿಯೇಷನ್ ಎಂದು ಬೆಂಗಳೂರಿನ ಕಿದ್ವಾಯಿಗೆ ಅಲೆಯಬೇಕಾಗುತ್ತಿತ್ತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರೂ ಅದರಲ್ಲಿದೆ. ದುಡ್ಡಿಲ್ಲ ಎಂದು ತಡ ಮಾಡುವುದು ಬೇಡ.

ಉಳಿದ ಮಚ್ಚೆಗಳ ಕಥೆ ಬೇರೆ. ಹಿಂಗೈ ಮೇಲೆ ಬಿಡಿಬಿಡಿಯಾಗಿರುವ ದಪ್ಪ ಮಚ್ಚೆಗಳನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಆ ದ್ರವವನ್ನು ಐದು ಹತ್ತು ಸೆಕೆಂಡು ಸಿಂಪಡಿಸಿದರೆ ಮಚ್ಚೆ ಬೆಳ್ಳಗಾಗಿ, ಆಮೇಲೆ ಗುಳ್ಳೆ ಎದ್ದು, ಹಕ್ಕಳೆ ಕಟ್ಟಿ ಎರಡು ಮೂರು ವಾರದಲ್ಲಿ ಉದುರುತ್ತದೆ.

ಮುಖದಲ್ಲಿ ಮಚ್ಚೆಗಳು ಒತ್ತೊತ್ತಾಗಿದ್ದರೆ ಒಂದೊಂದನ್ನೇ ಹೆಪ್ಪುಗಟ್ಟಿಸಿ ಪ್ರಯೋಜನವಿಲ್ಲ. ನಡುವಿನ ನುಣುಪಾದ ಚರ್ಮದಲ್ಲೂ ಪಿ53 ಕೆಟ್ಟ ಕೋಶಗಳು ಇದ್ದೇ ಇರುತ್ತವೆ. ಇಡೀ ಜಾಗಕ್ಕೆ 5-ಫ್ಲೋರೋಯುರಾಸಿಲ್ ಎಂಬ ಮುಲಾಮು ಹಚ್ಚಬೇಕು, ಶೇಕಡ 5ರದ್ದು, ದಿನಕ್ಕೆರಡು ಸಲ, ಎರಡರಿಂದ ನಾಲ್ಕು ವಾರ. ನೆದರ್ಲೆಂಡ್ಸ್‌ನಲ್ಲಿ ನಾಲ್ಕು ಚಿಕಿತ್ಸೆಗಳನ್ನು ಹೋಲಿಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೇಲುಗೈ ಆದದ್ದು ಈ ಹಳೆಯ ಮುಲಾಮೇ. ಚಿಕಿತ್ಸೆ ಮುಗಿದು ವರ್ಷವಾದ ಮೇಲೂ ನಾಲ್ವರಲ್ಲಿ ಮೂವರಿಗೆ ಮಚ್ಚೆಗಳು ಮುಕ್ಕಾಲು ಪಾಲು ಅಥವಾ ಇನ್ನೂ ಹೆಚ್ಚು ಕಡಿಮೆಯಾಗಿದ್ದವು.

ಜನ ಎಡವುವುದೂ ಈ ಮುಲಾಮಿನಲ್ಲೇ. ಮೊದಲ ಕೆಲವು ದಿನ ಏನೂ ಆಗುವುದಿಲ್ಲ. ಎರಡನೇ ವಾರಕ್ಕೆ ಮುಖ ಕೆಂಡದಂತೆ ಕೆಂಪಾಗಿ, ಉರಿದು, ಅಲ್ಲಲ್ಲಿ ಹಕ್ಕಳೆ ಕಟ್ಟುತ್ತದೆ. ಮೊದಲು ಕಾಣದೇ ಇದ್ದ ಮಚ್ಚೆಗಳೆಲ್ಲ ಆಗ ಎದ್ದು ಕಾಣುತ್ತವೆ. ಔಷಧ ಕೆಟ್ಟ ಕೋಶಗಳನ್ನು ಆಯ್ದು ಕೊಲ್ಲುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ರೋಗಿ ಮುಲಾಮಿನಿಂದಲೇ ಮುಖ ಹಾಳಾಯಿತು ಎಂದು ಹತ್ತನೇ ದಿನಕ್ಕೆ ಟ್ಯೂಬನ್ನು ತಿಪ್ಪೆಗೆ ಎಸೆಯುತ್ತಾನೆ, ಮತ್ತೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ನಿಲ್ಲಿಸಿದ ಮೇಲೆ ಕೆಲವು ವಾರಗಳಲ್ಲಿ ಚರ್ಮ ಮಾಯುತ್ತದೆ. ಕಣ್ಣು, ಮೂಗಿನೊಳಕ್ಕೆ ತಾಗಿಸಬಾರದು, ಹಚ್ಚಿದ ಮೇಲೆ ಕೈ ತೊಳೆಯಬೇಕು, ಬಸುರಿಯರು ಮತ್ತು ಎದೆಹಾಲು ಕೊಡುವ ತಾಯಂದಿರು ಬಳಸಲೇಬಾರದು. ಅಂಗಡಿಯಲ್ಲಿ ಕೇಳಿ ತಂದು ಹಚ್ಚಿಕೊಳ್ಳುವ ಮುಲಾಮು ಇದಲ್ಲ. ಅದಕ್ಕಿಂತ ಕೆಟ್ಟದ್ದು ಮೆಡಿಕಲ್ ಸ್ಟೋರಿನವರು ಕೊಡುವ ಸ್ಟೀರಾಯ್ಡ್ ಮಿಶ್ರಿತ ಕ್ರೀಮು. ಅದು ಕೆಂಪನ್ನು ತಗ್ಗಿಸಿ ಮಚ್ಚೆ ವಾಸಿಯಾದ ಭ್ರಮೆ ಹುಟ್ಟಿಸುತ್ತದೆ, ಅಡಿಯಲ್ಲಿ ಕೋಶಗಳು ತಮ್ಮ ಪಾಡಿಗೆ ಬೆಳೆಯುತ್ತಿರುತ್ತವೆ.

ಇಷ್ಟೆಲ್ಲ ಮಾಡಿಯೂ ಮರುದಿನ ಅದೇ ಬಿಸಿಲಿಗೆ ಹೋದರೆ ಹೊಸ ಮಚ್ಚೆಗಳು ಹುಟ್ಟುತ್ತಲೇ ಇರುತ್ತವೆ. ಕಿವಿ, ಕತ್ತಿನ ಹಿಂಭಾಗಗಳನ್ನು ಸೆರಗು, ಟವೆಲು ಕಾಯುವುದಿಲ್ಲ, ಬಗ್ಗಿ ಕಳೆ ಕೀಳುವಾಗ ಅವೇ ಬಿಸಿಲಿಗೆ ಒಡ್ಡಿಕೊಳ್ಳುವುದು. ಸುತ್ತಲೂ ನಾಲ್ಕು ಬೆರಳಗಲ ಅಂಚಿರುವ ಟೋಪಿ, ಒತ್ತಾಗಿ ನೇಯ್ದ ಬಟ್ಟೆಯ ತುಂಬುತೋಳಿನ ಅಂಗಿ ಬೇಕು. ತೊಳೆದು ತೊಳೆದು ಸವೆದ ತೆಳು ಬಟ್ಟೆಯಿಂದ ಕಿರಣ ಸೋರುತ್ತದೆ. ಬಟ್ಟೆ ಮುಚ್ಚದ ಜಾಗಕ್ಕೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ ಎಳೆದಷ್ಟು ಮುಖಕ್ಕೂ ಕತ್ತಿಗೂ ಬೇಕು. ಬೆವರಿದಾಗ, ಇಲ್ಲದಿದ್ದರೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೂಲಿ ಮಾಡುವವರಿಗೆ ಇದು ಭಾರವಾದ ಖರ್ಚು ಎಂಬುದು ಗೊತ್ತು. ಟಾಂಜಾನಿಯಾದ ಮೋಶಿ ಪಟ್ಟಣದ ಪ್ರಾದೇಶಿಕ ಚರ್ಮರೋಗ ತರಬೇತಿ ಕೇಂದ್ರದಲ್ಲಿ ಆಲ್ಬಿನಿಸಂ ಇರುವವರಿಗೆಂದೇ ‘ಕಿಲಿಸನ್’ ಎಂಬ ಸನ್‌ಸ್ಕ್ರೀನನ್ನು ಸ್ಥಳೀಯವಾಗಿ ತಯಾರಿಸಿ ಉಚಿತವಾಗಿ ಹಂಚುತ್ತಾರೆ. ಬಡ ದೇಶವೊಂದು ಮಾಡಿದ್ದನ್ನು ನಮ್ಮ ರಾಜ್ಯ ಮಾಡಲಾರದೆ? ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಇದು ಸಿಗಬೇಕು, ಆಶಾ ಕಾರ್ಯಕರ್ತೆಯ ಕೈಯಲ್ಲಿ ಆಲ್ಬಿನಿಸಂ ಇರುವವರ ಪಟ್ಟಿ ಇರಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕೆಲಸದ ಬಗೆಯನ್ನೇ ಬದಲಿಸುವುದು ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ. ಇವರ ದೃಷ್ಟಿ ಮಂದ. ಬೋರ್ಡು ಕಾಣದೆ ಶಾಲೆ ಬಿಡುತ್ತಾರೆ, ಶಾಲೆ ಬಿಟ್ಟವರಿಗೆ ಉಳಿಯುವುದು ಬಿಸಿಲಿನ ಕೂಲಿ. ಮುಂದಿನ ಬೆಂಚಿನಲ್ಲಿ ಕೂರಿಸಿ, ದೊಡ್ಡ ಅಕ್ಷರದ ಪುಸ್ತಕ ಕೊಟ್ಟು ಓದಿಸಿದರೆ ಚರ್ಮವನ್ನೂ ಉಳಿಸಿದಂತೆ. ಮಂದದೃಷ್ಟಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ, ಕಣ್ಣಿನ ಪರೀಕ್ಷೆ ಮಾಡಿಸಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಓದಿಲ್ಲದ ದೊಡ್ಡವರಿಗೆ ರೇಷ್ಮೆಹುಳು ಸಾಕುವ ಮನೆಯ ಕೆಲಸ ನಮ್ಮ ಜಿಲ್ಲೆಯಲ್ಲೇ ಇದೆ. ಸೊಪ್ಪು ಕೊಯ್ಯುವುದನ್ನು ಮನೆಯ ಬೇರೆಯವರು ಮಾಡಿ, ಹುಳುವಿಗೆ ಸೊಪ್ಪು ಹಾಕುವುದು, ಗೂಡು ಬಿಡಿಸುವುದನ್ನು ಇವರಿಗೆ ಬಿಟ್ಟರಾಯಿತು.

ಮೈಬಣ್ಣ ಇರುವ ಉಳಿದವರಿಗೂ ಒಂದು ಮಾತಿದೆ. ಕಂದು ಚರ್ಮದವರಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಬಿಸಿಲಿನ ಮಚ್ಚೆಯಿಂದಲ್ಲ, ಹಳೆಯ ಸುಟ್ಟ ಕಲೆಗಳಿಂದ, ವರ್ಷಗಟ್ಟಲೆ ಮಾಯದ ಹುಣ್ಣುಗಳಿಂದ. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲು ಕಾಲಿನ ಮೇಲೆ ಚೆಲ್ಲಿ ಬೆಂದ ಹುಡುಗನಿಗೆ ಆ ಕಲೆ ಇಪ್ಪತ್ತು ಮೂವತ್ತು ವರ್ಷದ ಮೇಲೆ ಮತ್ತೆ ಒಡೆದು ಹುಣ್ಣಾಗಬಹುದು. ಆಗ ಅದನ್ನು ಸಕ್ಕರೆ ಕಾಯಿಲೆಯ ಗಾಯ ಎಂದಷ್ಟೇ ತಿಳಿದು ಡ್ರೆಸಿಂಗ್ ಮಾಡಿಸುತ್ತ ಕೂರಬಾರದು, ಅಂಚಿನ ಬಯಾಪ್ಸಿ ಆಗಬೇಕು. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರೂ ಚರ್ಮದ ಮೇಲೆ ಕಣ್ಣಿಟ್ಟಿರಬೇಕು.

ಮನೆಯಲ್ಲಿ, ನೆರೆಯಲ್ಲಿ ಆಲ್ಬಿನಿಸಂ ಇರುವವರು ಇದ್ದರೆ ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಅವರ ಮುಖ, ಕಿವಿ, ತುಟಿ, ಕತ್ತು, ಕೈಗಳನ್ನು ಬೆರಳಿಂದ ಸವರಿ ನೋಡಿ. ಅವರಿಗೆ ತಮ್ಮ ಕಿವಿಯ ಹಿಂದು ಕಾಣುವುದಿಲ್ಲ, ಕಣ್ಣೂ ಮಂದ. ಒರಟು ಸಿಕ್ಕಿದರೆ ಒಮ್ಮೆ ಚರ್ಮರೋಗ ವೈದ್ಯರಿಗೆ ತೋರಿಸಿ, ಮಚ್ಚೆಗಳಿರುವವರು ಆರು ತಿಂಗಳಿಗೊಮ್ಮೆಯಾದರೂ ಹೋಗಲಿ. ಮಚ್ಚೆಯ ಅಡಿ ಗಟ್ಟಿಯಾದರೆ, ಒಂದು ಸೆಂಟಿಮೀಟರಿಗಿಂತ ಅಗಲವಾದರೆ, ವಾರಗಳಲ್ಲೇ ಬೆಳೆದರೆ, ಮುಟ್ಟಿದರೆ ನೋಯುತ್ತಿದ್ದರೆ, ರಕ್ತ ಒಸರಿದರೆ, ಹುಣ್ಣಾಗಿ ನಾಲ್ಕು ವಾರದಲ್ಲಿ ಮಾಯದಿದ್ದರೆ, ಅಥವಾ ಅದರ ಮೇಲೆ ಸಣ್ಣ ಕೊಂಬಿನಂತೆ ಗಟ್ಟಿ ಮೊಳೆತರೆ ಮುಂದಿನ ಹಬ್ಬಕ್ಕೋ ಸುಗ್ಗಿ ಮುಗಿಯಲೆಂದೋ ಕಾಯಬೇಡಿ. ಅದೇ ವಾರ ಮಂಡ್ಯದ ಬಸ್ಸು ಹತ್ತಿಸಿ, ಬಯಾಪ್ಸಿ ಮಾಡಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ.